ಪ್ರಕರಣ: ತೋಟದ ರೈಟರ್ ಮನೆಯ ಉಪ್ಪಿನ ಲೆಕ್ಕ

ವ್ಯಕ್ತಿ: 52 ವರ್ಷದ ಪುರುಷ, ಪೊನ್ನಂಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ತೂಕ 72 ಕಿಲೋ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ನಡೆಯುತ್ತಿದೆ. ಸಕ್ಕರೆ ಕಾಯಿಲೆ ಇಲ್ಲ. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 0.9, ರಕ್ತದ ಪೊಟ್ಯಾಸಿಯಂ 4.3. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಮಾತ್ರೆ ತಪ್ಪಿಸದಿದ್ದರೂ ಮನೆಯ ಬಿಪಿ ಸರಾಸರಿ 148/92 ಇತ್ತು. ಈ ಸರಾಸರಿ ತೆಗೆಯಲು ಏಳು ದಿನ ಬೆಳಿಗ್ಗೆ ಸಂಜೆ ಎರಡೆರಡು ಸಲ ಅಳೆದು, ಮೊದಲ ದಿನದ ಅಂಕಿ ಬಿಟ್ಟು ಉಳಿದವನ್ನು ಲೆಕ್ಕ ಹಾಕಲಾಯಿತು. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಬೇಕು, ಅದಕ್ಕೂ ಅರ್ಧ ಗಂಟೆ ಮೊದಲಿನಿಂದ ಕಾಫಿ ಕುಡಿದಿರಬಾರದು. ತೋಟದ ಮನೆಯಲ್ಲಿ ಈ ಎರಡನೆಯ ಷರತ್ತೇ ಕಷ್ಟ.

“ನಾನು ಸಾರಿಗೆ ಉಪ್ಪು ಕಡಿಮೆನೇ ಹಾಕೋದು,” ಎಂದರು ಅಡುಗೆ ಮಾಡುವ ಹೆಂಡತಿ. ಅದು ನಿಜವೇ. ಆದರೆ ನಾವು ಕೇಳಿದ್ದು ಬೇರೆ: ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಎಷ್ಟು ದಿನಕ್ಕೆ ಮುಗಿಯುತ್ತದೆ? ನಾಲ್ಕು ಜನರ ಮನೆಗೆ 27 ದಿನ. ಅಂದರೆ ದಿನಕ್ಕೆ 37 ಗ್ರಾಂ, ತಲೆಗೆ 9 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಲ್ಲ ಸೇರಿ 5 ಗ್ರಾಂ ಒಳಗೆ. ಇದರ ಮೇಲೆ ಉಪ್ಪಿನಕಾಯಿ, ಒಣಮೀನು, ಬೇಕರಿ ತಿಂಡಿ ಬೇರೆ. 24 ಗಂಟೆಯ ಮೂತ್ರ ಪರೀಕ್ಷೆಯಲ್ಲಿ ಸೋಡಿಯಂ 187 ಮಿಲಿಮೋಲ್ ಬಂತು. 17 ಮಿಲಿಮೋಲ್‌ಗೆ ಸುಮಾರು ಒಂದು ಗ್ರಾಂ ಉಪ್ಪು, ತಿಂದದ್ದರಲ್ಲಿ ಹತ್ತನೇ ಒಂದು ಪಾಲು ಮೂತ್ರಕ್ಕೆ ಬರುವುದಿಲ್ಲ ಎಂದು ಹಿಡಿದರೆ ದಿನಕ್ಕೆ 12 ಗ್ರಾಂ. ಪ್ಯಾಕೆಟ್ ಲೆಕ್ಕವೂ ಮೂತ್ರದ ಲೆಕ್ಕವೂ ಒಂದಕ್ಕೊಂದು ತಾಳೆಯಾದವು. ಈ ಪರೀಕ್ಷೆ ಕೆಡುವುದು ಸಂಗ್ರಹದಲ್ಲಿ. ಬೆಳಗಿನ ಮೊದಲ ಮೂತ್ರ ಬಿಟ್ಟುಬಿಡಬೇಕು, ಮರುದಿನದ ಮೊದಲ ಮೂತ್ರವನ್ನು ಸೇರಿಸಬೇಕು. ಮಧ್ಯೆ ತೋಟದಲ್ಲಿ ಒಂದು ಸಲ ತಪ್ಪಿದರೂ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಹಾಗಾಗಿ ಸಂಗ್ರಹ ಪೂರ್ತಿಯಾಗಿದೆಯೇ ಎಂದು ತಿಳಿಯಲು ಅದೇ ಮಾದರಿಯಲ್ಲಿ ಕ್ರಿಯಾಟಿನಿನ್ ಕೂಡ ಬರೆಸಬೇಕು.

ಉಪ್ಪು ಎಲ್ಲಿಂದ ಬರುತ್ತಿತ್ತು? ಅಕ್ಕಿ ಒಟ್ಟಿಯಿಂದ. ಎಂಟು ಒಟ್ಟಿಯ ಹಿಟ್ಟಿಗೆ ಒಂದು ಚಮಚ, ಅಂದಾಜು 5 ಗ್ರಾಂ. ಇವರು ತಿನ್ನುವುದು ನಾಲ್ಕು, ಸಾರು ಮುಟ್ಟುವ ಮೊದಲೇ ಎರಡೂವರೆ ಗ್ರಾಂ ಆಯಿತು. ಸಂಜೆ ಅಕ್ಕಿ ತರಿಯ ಉಂಡೆ ಕಡಂಬುಟ್ಟಾದರೂ ಇದೇ ಕಥೆ. ಊಟಕ್ಕೆ ಒಂದು ಚಮಚ ಉಪ್ಪಿನಕಾಯಿ, ಅದರಲ್ಲಿ ಒಂದೂವರೆ ಗ್ರಾಂ.

ಕಡತದಲ್ಲಿ ನಿರ್ಣಯವನ್ನು ಹೀಗೆ ಬರೆಯಲಾಯಿತು: “ಸೋಡಿಯಂ ಸೇವನೆ ಅತಿ. ಕಾರಣ: ಒಟ್ಟಿ, ಪುಟ್ಟು, ಸಾರು ಮೂರಕ್ಕೂ ಅಳತೆಯಿಲ್ಲದೆ ಉಪ್ಪು, ದಿನವೂ ಉಪ್ಪಿನಕಾಯಿ. ಆಧಾರ: ಮೂತ್ರದ ಸೋಡಿಯಂ 187, ಮನೆ ಬಿಪಿ 148/92. ಪೊಟ್ಯಾಸಿಯಂ ಸೇವನೆ ಕಡಿಮೆ. ಆಧಾರ: ಮೂತ್ರದ ಪೊಟ್ಯಾಸಿಯಂ 41, ಊಟದ ವಿವರದಿಂದ ದಿನಕ್ಕೆ 1,900 ಮಿ.ಗ್ರಾಂ.” ಕಾರಣ ಬರೆಯದ ನಿರ್ಣಯದಿಂದ ಉಪಯೋಗವಿಲ್ಲ, ಯಾಕೆಂದರೆ ಸಲಹೆ ಕೊಡುವುದು ಕಾರಣಕ್ಕೇ ಹೊರತು ಅಂಕಿಗಲ್ಲ. “ಉಪ್ಪು ಕಡಿಮೆ ಮಾಡಲು ತಿಳಿಸಲಾಗಿದೆ” ಎಂಬ ಸಾಲು ಎಷ್ಟೋ ಕಡತಗಳಲ್ಲಿ ಸಿಗುತ್ತದೆ. ಮುಂದಿನ ಭೇಟಿಯಲ್ಲಿ ಅದನ್ನಿಟ್ಟುಕೊಂಡು ಏನನ್ನೂ ಪರೀಕ್ಷಿಸಲಾಗದು.

ಸಲಹೆಯ ತಿರುಳು ಉಪ್ಪುನೀರು. 100 ಗ್ರಾಂ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಒಟ್ಟು ಅರ್ಧ ಲೀಟರ್ ಆಗುವಷ್ಟು ನೀರು ಸೇರಿಸಬೇಕು. ಆಗ 5 ಮಿ.ಲೀ. ಔಷಧದ ಚಮಚಕ್ಕೆ ಸರಿಯಾಗಿ ಒಂದು ಗ್ರಾಂ. ಕಲ್ಲುಪ್ಪು, ಪುಡಿ ಉಪ್ಪು ಎರಡಕ್ಕೂ ಚಮಚದಲ್ಲಿ ಬೇರೆ ಬೇರೆ ತೂಕ ಬರುವ ತೊಂದರೆ ಇಲ್ಲಿಲ್ಲ. ಬೆಳಿಗ್ಗೆ ಒಂದು ಸಣ್ಣ ಬಾಟಲಿಗೆ 120 ಮಿ.ಲೀ. ಹಾಕಿಡಬೇಕು. ನಾಲ್ವರ ಇಡೀ ದಿನದ ಅಡುಗೆಗೆ ಅಷ್ಟೇ, 24 ಗ್ರಾಂ. ನಾಲ್ಕು ವಾರದ ನಂತರ 90 ಮಿ.ಲೀ. ಒಟ್ಟಿ, ಪುಟ್ಟಿನ ಹಿಟ್ಟಿಗೆ ಉಪ್ಪೇ ಬೇಡ, ಸಾರಿನ ಉಪ್ಪು ಸಾಕು. ಸಾರಿಗೂ ಒಲೆ ಆರಿಸಿದ ಮೇಲೆ ಹಾಕಿದರೆ ಕಡಿಮೆಯಲ್ಲೇ ನಾಲಿಗೆಗೆ ಸಿಗುತ್ತದೆ. ಕಾಚಂಪುಳಿ, ಕಾಳುಮೆಣಸು, ಹುರಿದ ಜೀರಿಗೆ ಈ ಮನೆಯಲ್ಲಿ ಇದ್ದೇ ಇವೆ, ಹುಳಿ ಖಾರ ಚುರುಕಾದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಣದು. ಮಳೆಗಾಲದ ಒಣಮೀನು ವಾರಕ್ಕೊಮ್ಮೆ. ಅದನ್ನೂ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎರಡು ಸಲ ನೀರು ಚೆಲ್ಲಿ, ಆ ಸಾರಿಗೆ ಬೇರೆ ಉಪ್ಪು ಹಾಕದೆ. ಇಂದುಪ್ಪಿಗೆ ಬದಲಾಯಿಸಿದರೆ ಪ್ರಯೋಜನವಿಲ್ಲ. ಸೋಡಿಯಂ ಅಷ್ಟೇ, ಅಯೋಡಿನ್ ಮಾತ್ರ ತಪ್ಪುತ್ತದೆ.

ಮಗ ಆಗಲೇ ‘ಲೋ ಸೋಡಿಯಂ’ ಉಪ್ಪಿನ ಪ್ಯಾಕೆಟ್ ತಂದಿದ್ದ. ಅದರಲ್ಲಿ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್. ಮೂತ್ರಪಿಂಡ ಸರಿಯಿರುವ ಎಷ್ಟೋ ಜನರಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಟೆಲ್ಮಿಸಾರ್ಟನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಉಳಿಸುವ ಮಾತ್ರೆ. ಅದಕ್ಕಿಂತ ದೊಡ್ಡ ವಿಷಯ, ಒಂದೇ ಪಾತ್ರೆಯಿಂದ 76 ವರ್ಷದ ತಾಯಿಯೂ ಉಣ್ಣುತ್ತಾರೆ. ಅವರ ಕ್ರಿಯಾಟಿನಿನ್ ಯಾರೂ ನೋಡಿಸಿರಲಿಲ್ಲ. ನೋಡಿಸಿದಾಗ 1.4, ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ಶಕ್ತಿ ತೋರಿಸುವ ಇಜಿಎಫ್‌ಆರ್ ಸುಮಾರು 39, ಕಡಿಮೆಯೇ. ಪ್ಯಾಕೆಟ್ ಅಡುಗೆಮನೆಯಿಂದ ಹೊರಗೆ ಹೋಯಿತು. ತಾಯಿಯನ್ನು ವೈದ್ಯರಿಗೆ ತೋರಿಸಲು ಬರೆದುಕೊಡಲಾಯಿತು. ಪೊಟ್ಯಾಸಿಯಂಗಾಗಿ ಸೇರಿಸುವ ಪದಾರ್ಥ ರೈಟರ್ ಅವರ ತಟ್ಟೆಗೆ ಮಾತ್ರ ಎಂದು ಕಡತದಲ್ಲಿ ಪ್ರತ್ಯೇಕ ಸಾಲು ಸೇರಿತು.

ಆ ಪದಾರ್ಥಗಳು ಇವು: ದಿನಕ್ಕೊಂದು ಬಾಳೆಹಣ್ಣು (ಸುಮಾರು 350 ಮಿ.ಗ್ರಾಂ), ಒಂದು ಕಿತ್ತಳೆ (200), ದೊಡ್ಡ ಲೋಟದಷ್ಟು ಮೊಸರು (300), 30 ಗ್ರಾಂ ಹೆಸರುಕಾಳಿನ ಪಲ್ಯ (350), 100 ಗ್ರಾಂ ಸೊಪ್ಪು (450). ಒಟ್ಟು 1,650. ಹಳೆಯ 1,900ಕ್ಕೆ ಕೂಡಿಸಿದರೆ ಗುರಿಯಾದ 3,500 ತಲುಪುತ್ತದೆ. ಕಿತ್ತಳೆ ಸಿಗದ ತಿಂಗಳಲ್ಲಿ ಅರ್ಧ ಬೆಣ್ಣೆಹಣ್ಣು ಸಾಕು. ಮೂರನೇ ವಾರ ರಕ್ತ ಪರೀಕ್ಷೆ ಕಡ್ಡಾಯ. ಪೊಟ್ಯಾಸಿಯಂ 5.0 ದಾಟಿದರೆ ಸೇರಿಸಿದ್ದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸುವುದು, 5.5 ದಾಟಿದರೆ ಅದೇ ದಿನ ಆಸ್ಪತ್ರೆ. ಏರಿದ ಪೊಟ್ಯಾಸಿಯಂ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ, ಆದ್ದರಿಂದ ಸುಸ್ತಾಗಲಿ ಎಂದು ಕಾಯುವಂತಿಲ್ಲ.

ಎಂಟು ವಾರದ ಗುರಿ ನಾಲ್ಕೇ: ಮೂತ್ರದ ಸೋಡಿಯಂ 120ರ ಒಳಗೆ, ಮೂತ್ರದ ಪೊಟ್ಯಾಸಿಯಂ 70, ಉಪ್ಪಿನಕಾಯಿ ವಾರಕ್ಕೆ ಎರಡು ಚಮಚ, ಮನೆ ಬಿಪಿ 140/90ಕ್ಕಿಂತ ಕೆಳಗೆ. ಮಾತ್ರೆಯ ಪ್ರಮಾಣ ಈ ಅವಧಿಯಲ್ಲಿ ಬದಲಾದರೆ ಬರೆದಿಡಬೇಕು, ಇಲ್ಲದಿದ್ದರೆ ಇಳಿದ ಬಿಪಿ ಯಾವುದರ ಫಲವೆಂದು ಗೊತ್ತಾಗದು.

ಮೂರನೇ ವಾರ ಲೆಕ್ಕ ತಪ್ಪಿತು. ಬಾಟಲಿ ಸರಿಯಾಗಿ ನಡೆದಿದ್ದರೂ ಪ್ಯಾಕೆಟ್ ಬೇಗ ಖಾಲಿ. ಕೇಳಿದರೆ, ಕಾಡುಮಾವು ಉಪ್ಪಿಗೆ ಹಾಕಲು ಅದರಿಂದಲೇ 300 ಗ್ರಾಂ ಹೋಗಿತ್ತು. ಊರಿಡೀ ಮಾವು ಹಾಕುವ ಮೇ ತಿಂಗಳಿನಲ್ಲಿ ಇದನ್ನು ಮೊದಲೇ ಕೇಳಿಬಿಡುವುದು ಒಳ್ಳೆಯದು. ಉಪ್ಪಿನಕಾಯಿಗೆ ಬೇರೆ ಪ್ಯಾಕೆಟ್, ಅದರ ಮೇಲೆ ದಿನಾಂಕ. ರಕ್ತದ ಪೊಟ್ಯಾಸಿಯಂ 4.6, ಭಯವಿಲ್ಲ.

ಎಂಟನೇ ವಾರ: ಸೋಡಿಯಂ 118, ಗುರಿ ಮುಟ್ಟಿದೆ. ಬಿಪಿ 139/86, ಮಾತ್ರೆ ಬದಲಾಗಿಲ್ಲ, ಗುರಿ ಮುಟ್ಟಿದೆ. ಉಪ್ಪಿನಕಾಯಿ ವಾರಕ್ಕೆ ಮೂರು ಚಮಚ, ಒಂದು ಹೆಚ್ಚು. ಮೂತ್ರದ ಪೊಟ್ಯಾಸಿಯಂ 60, ಮುಟ್ಟಿಲ್ಲ. ಹಣ್ಣು, ಮೊಸರು, ಕಾಳು ಎಲ್ಲವೂ ನಡೆದಿತ್ತು, ಕೊರತೆಯಾದದ್ದು ಸೊಪ್ಪಿನಲ್ಲಿ. ಮಳೆ ಹಿಡಿದ ಮೇಲೆ ಮನೆ ಹಿಂದಿನ ಕೆಂಬು ಸೊಪ್ಪೇ ಹೆಚ್ಚು. ತುರಿಕೆ ಹೋಗಲೆಂದು ಅದನ್ನು ಬೇಯಿಸಿ ನೀರು ಚೆಲ್ಲುತ್ತಾರೆ, ಪೊಟ್ಯಾಸಿಯಂನ ಒಂದು ದೊಡ್ಡ ಪಾಲು ಆ ನೀರಿನೊಂದಿಗೇ ಹೋಗುತ್ತದೆ. ತುರಿಸುವ ಸೊಪ್ಪಿನ ನೀರು ಇಟ್ಟುಕೊಳ್ಳಿ ಎನ್ನಲಾಗದು. ಹಾಗಾಗಿ ಕೆಂಬಿನ ದಿನ 100 ಗ್ರಾಂ ಗೆಣಸನ್ನು ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ ತಿನ್ನಲು, ಹರಿವೆಯನ್ನು ನೀರು ಚೆಲ್ಲದೆ ಪಲ್ಯ ಮಾಡಲು ತಿಳಿಸಲಾಯಿತು.

ಮುಂದಿನ ಭೇಟಿಗೆ ಬರೆದದ್ದು: “ಬಾಟಲಿ 90ರಿಂದ 75 ಮಿ.ಲೀ. ಮೂತ್ರದ ಸೋಡಿಯಂ 100, ಪೊಟ್ಯಾಸಿಯಂ 70, ಹನ್ನೆರಡು ವಾರದಲ್ಲಿ. ರಕ್ತದ ಪೊಟ್ಯಾಸಿಯಂ ಈಗ 4.7, ಮತ್ತೆ ನಾಲ್ಕು ವಾರಕ್ಕೆ. ತಲೆ ಸುತ್ತು ಅಥವಾ ಬಿಪಿಯ ಮೇಲಿನ ಅಂಕಿ 110ಕ್ಕಿಂತ ಕೆಳಗೆ ಬಂದರೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳುವುದು, ತಾವಾಗಿ ಬಿಡಬಾರದು.”