ಮೂರು ತುಂಡುಗಳ ನಕ್ಷೆಗೆ ಒಂದೇ ಸೂತ್ರ ಸಾಲದು

“ಸಂಪಾದಕರಿಗೆ ನಮಸ್ಕಾರ. ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ವೇಗ–ಕಾಲ ನಕ್ಷೆಯ ಬಗ್ಗೆ ಲೇಖನ ಕಳಿಸಿದ್ದೇನೆ. ನಿಲ್ದಾಣದಿಂದ ಹೊರಟ ಬಸ್ಸು ನೇರ ರಸ್ತೆಯಲ್ಲಿ 8 ಸೆಕೆಂಡಿಗೆ 12 ಮೀ/ಸೆ ವೇಗ ಪಡೆದು, 20ನೆಯ ಸೆಕೆಂಡಿನವರೆಗೆ ಅದೇ ವೇಗದಲ್ಲಿ ಸಾಗಿ, ರಸ್ತೆಯ ಉಬ್ಬು ಕಂಡು 24ನೆಯ ಸೆಕೆಂಡಿಗೆ 4 ಮೀ/ಸೆಗೆ ಇಳಿಯುತ್ತದೆ. ಸ್ಥಾನಪಲ್ಲಟ 48 ಚದರ ಮೀಟರ್, ವೇಗೋತ್ಕರ್ಷ 0.17 ಮೀ/ಸೆ² ಎಂದು ತೋರಿಸಿದ್ದೇನೆ. ಪ್ರಕಟಿಸುವಿರಾ?” — ಒಬ್ಬ ಓದುಗ, ಬಾಗಲಕೋಟೆ

ಮಾನ್ಯರೇ,

ಈ ರೂಪದಲ್ಲಿ ಪ್ರಕಟಿಸಲಾಗದು. ತಮ್ಮ ಭಾಷೆ ತಿಳಿಯಾಗಿದೆ, ನಕ್ಷೆಯೂ ಸರಿಯಾಗಿದೆ. ಆದರೆ ನಕ್ಷೆ ಒಂದು ಹೇಳುತ್ತಿದ್ದರೆ ಅದರ ಕೆಳಗಿನ ಲೆಕ್ಕ ಇನ್ನೊಂದು ಹೇಳುತ್ತಿದೆ.

ವೇಗ–ಕಾಲ ನಕ್ಷೆಯಲ್ಲಿ ಗೆರೆಯ ಕೆಳಗಿನ ವಿಸ್ತೀರ್ಣವೇ ಸ್ಥಾನಪಲ್ಲಟ. ಆದರೆ ಮೊದಲ ಮತ್ತು ಕೊನೆಯ ವೇಗಗಳ ಸರಾಸರಿಯನ್ನು, ಅಂದರೆ 2 ಮೀ/ಸೆ ಅನ್ನು, ತಾವು 24 ಸೆಕೆಂಡಿನಿಂದ ಗುಣಿಸಿದ್ದೀರಿ. ವೇಗೋತ್ಕರ್ಷ ಉದ್ದಕ್ಕೂ ಒಂದೇ ಆಗಿದ್ದರೆ, ಅಂದರೆ ನಕ್ಷೆ ಒಂದೇ ನೇರ ಗೆರೆಯಾಗಿದ್ದರೆ, ಈ ಕ್ರಮ ಸರಿಯಾಗುತ್ತಿತ್ತು. ತಮ್ಮ ನಕ್ಷೆಯ ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ಅಳತೆಪಟ್ಟಿಯಿಟ್ಟು ಒಂದು ಗೆರೆ ಎಳೆದು ನೋಡಿ: ತಾವು ಲೆಕ್ಕ ಹಾಕಿರುವುದು ಆ ಗೆರೆಯ ಕೆಳಗಿನ ವಿಸ್ತೀರ್ಣವನ್ನು ಮಾತ್ರ, ಆದರೆ ಬಸ್ಸಿನ ನಿಜವಾದ ನಕ್ಷೆ ಅದಕ್ಕಿಂತ ಬಹಳ ಮೇಲೆ ಹಾದುಹೋಗುತ್ತದೆ. ಗೆರೆ ಬಾಗಿದ ಕಡೆಗಳಲ್ಲಿ, ಅಂದರೆ 8 ಮತ್ತು 20ನೆಯ ಸೆಕೆಂಡುಗಳಲ್ಲಿ, ನಕ್ಷೆಯನ್ನು ಕತ್ತರಿಸಬೇಕು. ಮೊದಲ ತುಂಡು ತ್ರಿಭುಜ. ಅದರ ವಿಸ್ತೀರ್ಣ 8 ಮತ್ತು 12ರ ಗುಣಲಬ್ಧದ ಅರ್ಧ, 48 ಮೀಟರ್. ನಡುವಿನ ಆಯತ 12 ಸೆಕೆಂಡಿಗೆ 12 ಮೀ/ಸೆ, ಅಂದರೆ 144 ಮೀಟರ್. ಕೊನೆಯದು ತ್ರಾಪಿಜ್ಯ, ಅಲ್ಲಿ ಸರಾಸರಿ ವೇಗ 8 ಮೀ/ಸೆ, ಕಾಲ 4 ಸೆಕೆಂಡು, ಆದ್ದರಿಂದ 32 ಮೀಟರ್. ಒಟ್ಟು 224 ಮೀಟರ್. ತಾವು ಇಡೀ ಪ್ರಯಾಣಕ್ಕೆ ಕೊಟ್ಟ 48 ಮೀಟರನ್ನು ಬಸ್ಸು ಮೊದಲ ಎಂಟು ಸೆಕೆಂಡಿನಲ್ಲೇ ಮುಗಿಸಿಬಿಟ್ಟಿದೆ. ಇಷ್ಟನ್ನು ಗಮನಿಸಿದ್ದರೂ ತಪ್ಪು ತಾವೇ ಹಿಡಿಯುತ್ತಿದ್ದಿರಿ.

ಚದರ ಮೀಟರನ್ನು ದಯವಿಟ್ಟು ಅಳಿಸಿ. ಇಲ್ಲಿ ವಿಸ್ತೀರ್ಣದ ಒಂದು ಬದಿ ಸೆಕೆಂಡು, ಇನ್ನೊಂದು ಬದಿ ಮೀ/ಸೆ. ಗುಣಿಸಿದಾಗ ಸೆಕೆಂಡು ಕಳೆದುಹೋಗಿ ಮೀಟರ್ ಮಾತ್ರ ಉಳಿಯುತ್ತದೆ.

ವೇಗೋತ್ಕರ್ಷದ ವಿಷಯದಲ್ಲಿ ತಮ್ಮ ತಪ್ಪು ಇನ್ನಷ್ಟು ಸೂಕ್ಷ್ಮವಾದದ್ದು. 4ನ್ನು 24ರಿಂದ ಭಾಗಿಸಿ ಬಂದ 0.17 ಸುಳ್ಳಲ್ಲ, ಅದು ಇಡೀ ಅವಧಿಯ ಸರಾಸರಿ. ಆದರೆ ಆಯಾ ತುಂಡಿನ ವೇಗೋತ್ಕರ್ಷವೆಂದರೆ ಅಲ್ಲಿನ ಗೆರೆಯ ಇಳಿಜಾರು, ಮೂರು ತುಂಡುಗಳಲ್ಲಿ ಒಂದರ ಇಳಿಜಾರೂ ಅಷ್ಟಿಲ್ಲ. ಮೊದಲ ತುಂಡಿನಲ್ಲಿ 1.5 ಮೀ/ಸೆ², ನಡುವೆ ಸೊನ್ನೆ, ಕೊನೆಯಲ್ಲಿ 8 ಮೀ/ಸೆಯಷ್ಟು ವೇಗ 4 ಸೆಕೆಂಡಿನಲ್ಲಿ ಕುಗ್ಗಿದ್ದರಿಂದ −2 ಮೀ/ಸೆ². ಕೊನೆಯ ಗೆರೆ ಕೆಳಗಿಳಿಯುತ್ತದೆಂದು ಬಸ್ಸು ಹಿಂದಕ್ಕೆ ಬಂತೆಂದು ಮಕ್ಕಳು ಭಾವಿಸುವುದುಂಟು. ಗೆರೆ ಕಾಲದ ಅಕ್ಷಕ್ಕಿಂತ ಮೇಲಿರುವವರೆಗೆ ಬಸ್ಸು ಮುಂದಕ್ಕೇ ಸಾಗುತ್ತಿರುತ್ತದೆ, ಆ ವಿಸ್ತೀರ್ಣವನ್ನು ಕೂಡಲೇಬೇಕು, ಕಳೆಯಬಾರದು ಎಂಬುದನ್ನು ಬಿಡಿಸಿ ಬರೆಯಿರಿ.

“8ನೆಯ ಸೆಕೆಂಡಿನಲ್ಲಿ ವೇಗೋತ್ಕರ್ಷ ಎಷ್ಟು?” ಎಂಬ ತಮ್ಮ ಅಭ್ಯಾಸ ಪ್ರಶ್ನೆಯನ್ನು ತೆಗೆಯಿರಿ. ಮೂಲೆಯ ಎಡಕ್ಕೆ 1.5, ಬಲಕ್ಕೆ ಸೊನ್ನೆ. ಮೂಲೆಯಲ್ಲಿ ಒಂದೇ ಉತ್ತರವಿಲ್ಲ. ನಿಜವಾದ ಬಸ್ಸಿನ ನಕ್ಷೆಯಲ್ಲಿ ಆ ಮೂಲೆ ಸ್ವಲ್ಪ ದುಂಡಗಾಗಿರುತ್ತದೆ. ಅದರ ಬದಲು 5ನೆಯ ಸೆಕೆಂಡನ್ನು ಕೇಳಿ.