ಇಂಗ್ಲಿಷ್‌ನವರ 'ಥ್ಯಾಂಕ್ಸ್' ನಮ್ಮ ಥ ಅಲ್ಲ

"ಥ್ಯಾಂಕ್ಸ್ ಅಂದ್ರೆ ಲಂಡನ್ ಆಫೀಸಿನವರಿಗೆ ಟ್ಯಾಂಕ್ಸ್ ಅಂತ ಕೇಳಿಸುತ್ತಂತೆ. ಥ ಸರಿಯಾಗೇ ಹೇಳ್ತಿದ್ದೀನಲ್ಲ?"

ನಿಮ್ಮ ಥ ಸರಿಯಾಗೇ ಇರಬಹುದು, ಆದರೆ ಅಲ್ಲಿ ಬೇಕಾದ್ದು ಥ ಅಲ್ಲ. ತ, ಥ ಎರಡರಲ್ಲೂ ನಾಲಿಗೆ ಹಲ್ಲಿಗೆ ಒತ್ತಿ ಗಾಳಿಯನ್ನು ತಡೆದು ಬಿಡುತ್ತದೆ. ಇಂಗ್ಲಿಷ್‌ನವರು ಪದದ ಶುರುವಿನಲ್ಲಿ ಹೇಳುವ ಟಕಾರಕ್ಕೂ ಉಸಿರು ಜೋರಾಗಿ ಬರುತ್ತದೆ, ಹಾಗಾಗಿ ನೀವು ಥ ಅಂತ ಉಸಿರು ಹಾಕಿದಷ್ಟೂ ಅವರಿಗೆ ಟ ಅಂತಲೇ ಕೇಳಿಸುತ್ತದೆ.

ಹೀಗೆ ಮಾಡಿ ನೋಡಿ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಅಂಚಿಗೆ ಸುಮ್ನೆ ತಾಗಿಸಿ, ಒತ್ತಬೇಡಿ, ಸ್‌ಸ್‌ಸ್ ಅಂತ ಎಳೆಯುವ ಹಾಗೆ ಎರಡು ಸೆಕೆಂಡ್ ಗಾಳಿ ಬಿಡಿ, ಆಮೇಲೆ 'ಆ್ಯಂಕ್ಸ್' ಸೇರಿಸಿ. ಎಳೆಯೋಕೆ ಆಗದಿದ್ದರೆ ಅದು ಇನ್ನೂ ತ ಅಂತಲೇ ಅರ್ಥ. ಫ್ಯಾಂಕ್ಸ್ ಅಂತ ಕೇಳಿಸಿದರೆ ಕೆಳತುಟಿ ಹಲ್ಲಿಗೆ ತಾಗುತ್ತಿದೆ. 'ದಿಸ್', 'ದಟ್' ಪದಗಳಿಗೂ ಇದೇ ಜಾಗ, ಗಂಟಲು ಮಾತ್ರ ಗುಂಯ್ ಅನ್ನಬೇಕು, ಬೆರಳಿಟ್ಟರೆ ಗೊತ್ತಾಗುತ್ತದೆ.

'ಟೆನ್', 'ಡೇ' ಅನ್ನುವಾಗ ನಮ್ಮ ಟ, ಡ ಥರ ನಾಲಿಗೆಯನ್ನು ಹಿಂದಕ್ಕೆ ಮಡಚಬೇಡಿ. ಮೇಲಿನ ಹಲ್ಲಿನ ಹಿಂದೆ ವಸಡು ಉಬ್ಬಿರುತ್ತದಲ್ಲ, ತುದಿ ಅಲ್ಲಿ ತಾಗಿದರೆ ಸಾಕು. ಅಂದ ಹಾಗೆ, ಲಂಡನ್ನಿನ ಆ ನದಿ ಥೇಮ್ಸ್ ಅಲ್ಲ, ಟೆಮ್ಸ್.