ಗಲ್ಲಿಯ ಗಟಾರಕ್ಕೆ ಪಿಐಎಲ್ ಬೇಕಾ?

ಪ್ರಶ್ನೆ: ಎರಡು ವರ್ಷದಿಂದ ನಮ್ಮ ಗಲ್ಲಿಯ ಗಟಾರ ತುಂಬಿ ಮನೆ ಮುಂದೆ ಹರಿಯುತ್ತಿದೆ. ಅರ್ಜಿ ಕೊಟ್ಟು ಸಾಕಾಯಿತು. ದುಡ್ಡಿಲ್ಲ ಅಂತಾರೆ. ಹತ್ತು ಮನೆಯವರು ಸೇರಿ ಹೈಕೋರ್ಟಿಗೆ ಪಿಐಎಲ್ ಹಾಕಬಹುದಾ?
– ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ಹಾಕಬಹುದು, ಕಲಬುರಗಿಯಲ್ಲೇ ಹೈಕೋರ್ಟ್ ಪೀಠವಿದೆ. ಆದರೆ ಒಂದು ಗಲ್ಲಿಯ ಗಟಾರಕ್ಕೆ ಇನ್ನೂ ಹತ್ತಿರದ ಬಾಗಿಲಿದೆ. ಅದು ನಿಮ್ಮ ಉಪವಿಭಾಗದ ಎಸಿ ಸಾಹೇಬರ ಕಚೇರಿ. ಸಾರ್ವಜನಿಕರಿಗೆ ಉಪದ್ರವ ಆಗುತ್ತಿದ್ದರೆ ಅದನ್ನು ಇಂತಿಷ್ಟು ದಿನದಲ್ಲಿ ತೆಗೆಯಿರಿ, ಇಲ್ಲವೇ ಬಂದು ಕಾರಣ ಹೇಳಿ ಎಂದು ಅವರು ಮ್ಯಾಜಿಸ್ಟ್ರೇಟ್ ಆಗಿ ಆದೇಶ ಮಾಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಈ ಅಧಿಕಾರ ಕೊಡುತ್ತದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದೇ 133 ಆಗಿತ್ತು.

ದುಡ್ಡಿಲ್ಲ ಎಂಬ ಮಾತಿಗೆ 1980ರಲ್ಲೇ ಉತ್ತರ ಸಿಕ್ಕಿದೆ. ಮಧ್ಯಪ್ರದೇಶದ ರತ್ಲಾಂನಲ್ಲಿ ತೆರೆದ ಚರಂಡಿ, ಮದ್ಯದ ಕಾರ್ಖಾನೆಯ ಕೊಳಚೆಯಿಂದ ಬೇಸತ್ತ ಜನ ಮೊದಲು ಹೋಗಿದ್ದು ಮ್ಯಾಜಿಸ್ಟ್ರೇಟರ ಹತ್ತಿರವೇ. ಪುರಸಭೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ನಮ್ಮಲ್ಲಿ ಹಣವಿಲ್ಲ ಎಂದಿತು. ಗಲೀಜು ಗೊತ್ತಿದ್ದೇ ಇವರು ಇಲ್ಲಿ ಮನೆ ಮಾಡಿದ್ದಾರೆ ಎಂದೂ ವಾದಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎರಡನ್ನೂ ಒಪ್ಪಲಿಲ್ಲ. ಈ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಅರ್ಜಿಯಲ್ಲಿ ಏನು ಕೇಳುತ್ತೀರಿ ಅನ್ನೋದೇ ಮುಖ್ಯ. ನಾನೇ ಒಮ್ಮೆ ತಪ್ಪಿದ್ದೇನೆ. "ಗಟಾರ ಸ್ವಚ್ಛ ಮಾಡಿಸಿ" ಎಂದಷ್ಟೇ ಬರೆದಿದ್ದೆ. ಹೂಳು ತೆಗೆದರು, ಫೋಟೊ ಕೊಟ್ಟರು, ಪ್ರಕರಣ ಮುಗಿಯಿತು. ಮೊದಲ ಮಳೆಗೇ ನೀರು ಮತ್ತೆ ಹೊಸ್ತಿಲಿಗೆ ಬಂತು. ಆಮೇಲೆ ಗೌಂಡಿಯೊಬ್ಬರು ಫರಸಿ ಕಲ್ಲು ಸರಿಸಿ, ಲೆವೆಲ್ ಪೈಪ್ ಹಿಡಿದು ನೋಡಿದರು. ಗಲ್ಲಿಯ ಕೊನೆಯಲ್ಲಿ ನೀರನ್ನು ರಸ್ತೆಯಡಿಯಿಂದ ದಾಟಿಸುವ ಸಿಡಿ ಪೈಪಿನ ಬಾಯಿ ಗಟಾರದ ತಳಕ್ಕಿಂತ ಒಂದು ಗೇಣು ಮೇಲಿತ್ತು! ಅಷ್ಟು ನೀರು ನಿಲ್ಲದೆ ಮುಂದೆ ಹರಿಯುವುದೇ ಇಲ್ಲ. ಎಷ್ಟು ಹೂಳು ತೆಗೆದರೂ ಅಷ್ಟೇ.

ಹಾಗಾಗಿ ನೀರು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಮೊದಲು ನೋಡಿ. ಆ ದೋಷ ಸರಿಪಡಿಸಬೇಕು ಎಂದೇ ಕೇಳಿ. ತಾರೀಖು ಇರುವ ಫೋಟೊ, ಹಳೆಯ ಅರ್ಜಿಗಳ ಸ್ವೀಕೃತಿ ಜೊತೆಗಿರಲಿ.

ಇಡೀ ಊರಿನ ಕೊಳಚೆ ಶುದ್ಧೀಕರಿಸದೆ ಕೆರೆಗೆ, ಹಳ್ಳಕ್ಕೆ ಹೋಗುತ್ತಿದ್ದರೆ ಮಾತು ಬೇರೆ. ಅಲ್ಲಿ ಹಲವು ಇಲಾಖೆ, ದೊಡ್ಡ ಮೊತ್ತ ಬರುತ್ತದೆ. ಆಗ ಪಿಐಎಲ್ ಸರಿ. ಅಲ್ಲೂ ಮೊದಲು ಲಿಖಿತ ಮನವಿ ಕೊಟ್ಟಿರಬೇಕು. ಕೋರ್ಟ್ ಬಹಳ ಸಲ "ಮನವಿಯನ್ನು ಪರಿಗಣಿಸಿ" ಎಂದು ಹೇಳಿ ಅರ್ಜಿ ಮುಗಿಸುತ್ತದೆ. ಪರಿಗಣಿಸಿದೆವು, ಆಗುವುದಿಲ್ಲ ಎಂದು ಒಂದು ಪತ್ರ ಬರೆದರೂ ಆ ಆದೇಶ ಪಾಲಿಸಿದಂತೆಯೇ ಅಲ್ವಾ? ಅದಕ್ಕೇ ಕೆಲಸಕ್ಕೆ ಗಡುವು, ಆಗಾಗ ಪ್ರಗತಿ ತಿಳಿಸುವ ಅಫಿಡವಿಟ್ ಎರಡನ್ನೂ ನಿಮ್ಮ ಕೋರಿಕೆಯಲ್ಲೇ ಬರೆಸಿ.

ಹೈಕೋರ್ಟಿನ ಗಡುವು ಮೀರಿದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಅದಕ್ಕೆ ಇರುವುದು ಒಂದೇ ವರ್ಷ. "ಮಾಡ್ತೀವಿ, ಮಾಡ್ತೀವಿ" ಎಂಬ ಮಾತು ನಂಬಿ ಸುಮ್ನೆ ಕೂತರೆ ಆ ವರ್ಷ ಕಳೆದುಹೋಗುತ್ತದೆ. ಗಡುವು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಮಾಡಿಡಿ.